ಒಂದು ರೇಸಿಗೋ, ಇಡೀ ಸೀಸನ್ನಿಗೋ: ಪಾಸ್ ಕೊಳ್ಳುವ ಮುನ್ನ

ಹುಬ್ಬಳ್ಳಿಯ ವಿದ್ಯಾನಗರದ ಒಂದು ಮನೆ ಎಂದುಕೊಳ್ಳಿ. ಅಣ್ಣ ಇಲ್ಲಿ, ಅಪ್ಪ-ಅವ್ವ ಗದಗಿನಲ್ಲಿ, ತಂಗಿ ದುಬೈಯಲ್ಲಿ. ಆ್ಯಪಿನಲ್ಲಿ ಕೊಂಡ ಒಂದೇ ಪಾಸಿನಲ್ಲಿ ಮೂರೂ ಕಡೆಯವರು ಫಾರ್ಮುಲಾ ಒನ್ ನೇರಪ್ರಸಾರ ನೋಡಬೇಕು.

ಮೊದಲು ಎಣಿಕೆ. 2025ರ ಸೀಸನ್ನಿನಲ್ಲಿ 24 ರೇಸ್‌ಗಳಿದ್ದವು. ಒಂದು ರೇಸಿನ ಪಾಸಿಗೆ ₹49, ಸೀಸನ್ ಪಾಸಿಗೆ ₹749 ಎಂದಿಟ್ಟುಕೊಂಡರೆ, 15 ರೇಸ್ ನೋಡುವವರಿಗೆ ಬಿಡಿ ಪಾಸಿನ ಖರ್ಚು ₹735. ಹದಿನಾರನೆಯದಕ್ಕೆ ಅದು ₹784 ಆಗುತ್ತದೆ, ಸೀಸನ್ ಪಾಸ್ ಅಗ್ಗವಾಗುವುದು ಅಲ್ಲಿಂದ. ಆದರೆ ಎಣಿಸಬೇಕಾದದ್ದು ನಡೆಯುವ ರೇಸ್‌ಗಳನ್ನಲ್ಲ, ನೀವು ಎದ್ದಿದ್ದು ನೋಡುವ ರೇಸ್‌ಗಳನ್ನು. ಮಯಾಮಿ, ಮೆಕ್ಸಿಕೊ ರೇಸ್‌ಗಳು ನಮ್ಮಲ್ಲಿ ನಡುರಾತ್ರಿ ದಾಟಿದ ಮೇಲೆ ಶುರುವಾಗುತ್ತವೆ. ಸೋಮವಾರ ಬೆಳಿಗ್ಗೆ ಡ್ಯೂಟಿ ಇರುವವರು ಅವನ್ನು ಪಟ್ಟಿಯಿಂದ ತೆಗೆದೇ ಲೆಕ್ಕ ಹಾಕುವುದು ಒಳ್ಳೆಯದು. ಸೀಸನ್ ಅರ್ಧ ಮುಗಿದಿದ್ದರೆ ಉಳಿದ ರೇಸ್‌ಗಳನ್ನಷ್ಟೇ ಎಣಿಸಿ. ಪಾಸಿನ ಅವಧಿ ಕೊಂಡ ದಿನದಿಂದ ಒಂದು ವರ್ಷವೋ, ಕೊನೆಯ ರೇಸಿನವರೆಗೋ ಎಂಬುದನ್ನೂ ಹಣ ಕಟ್ಟುವ ಪುಟದಲ್ಲೇ ಓದಿಕೊಳ್ಳಿ.

ಎರಡನೆಯದು ಸ್ಕ್ರೀನ್, ಜಗಳ ಹೆಚ್ಚು ಆಗುವುದು ಇಲ್ಲಿಯೇ. ಎಷ್ಟು ಸಾಧನಗಳಲ್ಲಿ ಲಾಗಿನ್ ಆಗಬಹುದು ಎಂಬುದೇ ಬೇರೆ, ಏಕಕಾಲಕ್ಕೆ ಎಷ್ಟರಲ್ಲಿ ಆಟ ಓಡುತ್ತದೆ ಎಂಬುದೇ ಬೇರೆ. ಜಿಯೋಹಾಟ್‌ಸ್ಟಾರ್‌ನಲ್ಲಿ ಮೊಬೈಲ್ ಪ್ಲಾನಿಗೆ ಒಂದು, ಸೂಪರ್‌ಗೆ ಎರಡು, ಪ್ರೀಮಿಯಂಗೆ ನಾಲ್ಕು ಸ್ಕ್ರೀನ್ ಎಂಬ ಮಿತಿ ಈ ಎರಡನೆಯ ಬಗೆಯದು. ನಮ್ಮ ಮನೆಯ ಪಾಸಿಗೆ ಒಂದೇ ಸ್ಕ್ರೀನ್ ಇದ್ದರೆ, ಗದಗಿನ ಟಿವಿಯಲ್ಲಿ ರೇಸ್ ಓಡುತ್ತಿರುವಾಗ ಹುಬ್ಬಳ್ಳಿಯ ಫೋನಿನಲ್ಲಿ ಒತ್ತಿದರೆ ಎರಡರಲ್ಲಿ ಒಂದು ನಿಲ್ಲುತ್ತದೆ. ಹಳೆಯ ಫೋನಿನಿಂದ ಆ್ಯಪ್ ತೆಗೆದುಹಾಕಿದ ಮಾತ್ರಕ್ಕೆ ಅದರ ಲಾಗಿನ್ ಹೋಗಿಬಿಡುತ್ತದೆ ಎಂದು ನಂಬಬೇಡಿ. ಅಕೌಂಟ್ ಸೆಟ್ಟಿಂಗ್ಸಿಗೆ ಹೋಗಿ, ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿ, ಬೇಕಾದವುಗಳಲ್ಲಿ ಮತ್ತೆ ಲಾಗಿನ್ ಆಗಿ. ಇದನ್ನು ಶನಿವಾರವೇ ಮುಗಿಸಿ. ಭಾನುವಾರ ರೇಸ್ ಶುರುವಾಗುವ ಹೊತ್ತಿಗೆ ಅಪ್ಪನ ಫೋನಿಗೆ ಬಂದ ಒಟಿಪಿ ಕೇಳುತ್ತ ಕೂಡುವುದು ಬೇಡ.

ಇನ್ನು ತಂಗಿಯ ಪಾಡು. ಪ್ರಸಾರದ ಹಕ್ಕನ್ನು ದೇಶವಾರು ಮಾರುತ್ತಾರೆ. ಭಾರತದ ಪಾಸಿನಿಂದ ದುಬೈಯಲ್ಲೂ ಲಾಗಿನ್ ಆಗಬಹುದು, ರೇಸ್‌ಗಳ ಪಟ್ಟಿಯೂ ಕಾಣಬಹುದು. ಪ್ಲೇ ಒತ್ತಿದಾಗ ಮಾತ್ರ 'ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಎಂದು ಬರುತ್ತದೆ, ಏಕೆಂದರೆ ಆ್ಯಪ್ ನೋಡುವುದು ಇಂಟರ್ನೆಟ್ ಯಾವ ದೇಶದ್ದು ಎಂಬುದನ್ನು, ಸಿಮ್ ಯಾರದ್ದು ಎಂಬುದನ್ನಲ್ಲ. ಅವಳು ಅಲ್ಲಿಯ ಪಾಸನ್ನೇ ಕೊಳ್ಳಬೇಕು. ಅಮೆರಿಕದಲ್ಲಿ ಈ ತಡೆ ಊರಿನ ಮಟ್ಟಕ್ಕೂ ಇಳಿಯುತ್ತದೆ: ಶಿಕಾಗೋದಲ್ಲಿದ್ದು ಬ್ಯಾಸ್ಕೆಟ್‌ಬಾಲಿನ ಎನ್‌ಬಿಎ ಲೀಗ್ ಪಾಸ್ ಕೊಂಡವರಿಗೆ ತಮ್ಮೂರಿನ ಬುಲ್ಸ್ ತಂಡದ ಆಟವೇ ನೇರಪ್ರಸಾರದಲ್ಲಿ ಸಿಗುವುದಿಲ್ಲ, ಅದರ ಹಕ್ಕು ಸ್ಥಳೀಯ ಚಾನೆಲ್ಲಿನದು.

ಹುಬ್ಬಳ್ಳಿಯಲ್ಲೇ ಕೂತು ಇದೇ ಸಂದೇಶ ಕಂಡರೆ ಮೊದಲು ನೋಡಬೇಕಾದದ್ದು ಆಫೀಸಿನ ಕೆಲಸಕ್ಕೆಂದು ಹಾಕಿಕೊಂಡ ವಿಪಿಎನ್; ಅದು ನಿಮ್ಮ ಇಂಟರ್ನೆಟ್ ಬೇರೆ ದೇಶದ್ದೆಂದು ತೋರಿಸುತ್ತಿರಬಹುದು. ಅದನ್ನು ಆಫ್ ಮಾಡಿ, ಆ್ಯಪ್ ಪೂರ್ತಿ ಮುಚ್ಚಿ ತೆರೆಯಿರಿ. ಆಗಲೂ ಬಾರದಿದ್ದರೆ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ನೋಡಿ. ಅದರಲ್ಲಿ ಓಡಿದರೆ ಪಾಸ್ ಸರಿಯಿದೆ, ತೊಂದರೆ ಬ್ರಾಡ್‌ಬ್ಯಾಂಡ್ ಕಡೆಯದು.