ಬೇರಿಂಗ್ ಸೀಟಿನ ಲೆಕ್ಕ: H7 ಬಿಟ್ಟು ಬರೆದ ಹ್ಯಾಂಡ್‌ಔಟ್

40 ಮಿಮೀ ಶಾಫ್ಟು, ಫಿಟ್ H7/k6, ಲಿಮಿಟ್ ಮತ್ತು ಅಲವೆನ್ಸ್ ಕಂಡುಹಿಡಿಯಿರಿ ಅಂದರೆ ನಮ್ಮ ಡಿಪ್ಲೊಮಾ ಹುಡುಗರು ಐದು ನಿಮಿಷದಲ್ಲಿ ಮುಗಿಸುತ್ತಾರೆ. ಅದೇ ಹುಡುಗರ ಕೈಗೆ 40 ಮಿಮೀ ಬೋರಿನ ಒಂದು 6208 ಬೇರಿಂಗ್ ಕೊಟ್ಟು, ಇದು ಕೂರುವ ಸೀಟಿಗೆ ಅಲವೆನ್ಸ್ ಎಷ್ಟು ಅಂತ ಕೇಳಿದರೂ ಅದೇ ಉತ್ತರ ಬರುತ್ತದೆ: ಮೈನಸ್ 18 ಮೈಕ್ರಾನ್. ಈ ಉತ್ತರ ತಪ್ಪು, ಯಾಕಂದರೆ ಬೇರಿಂಗಿನ ಬೋರು H7 ಅಲ್ಲವೇ ಅಲ್ಲ. ನನ್ನ ಹ್ಯಾಂಡ್‌ಔಟ್ ಇರುವುದು ಈ ಒಂದೇ ವಿಷಯದ ಮೇಲೆ. "ಪರೀಕ್ಷಾಕ್ಕ ಬರೂದು H7 ಐತ್ರಿ, ಹುಡುಗೂರ ತಲಿ ಯಾಕ ಕೆಡಸ್ತೀರಿ?" ಎಂದು ಸ್ಟಾಫ್ ರೂಮಿನಲ್ಲಿ ತಕರಾರು ತೆಗೆದವರೇ ಈಗ ಅದರ ಝೆರಾಕ್ಸ್ ಒಯ್ಯುತ್ತಿದ್ದಾರೆ.

ಶಾಫ್ಟಿನ ಲೆಕ್ಕದಲ್ಲಿ ಹೊಸತೇನಿಲ್ಲ. 40 ಮಿಮೀ ಬರುವುದು 30ರಿಂದ 50ರ ಸ್ಟೆಪ್ಪಿನಲ್ಲಿ.

```
D = √(30 × 50) = 38.73 mm
i = 0.45 ∛D + 0.001 D = 1.56 µm
IT6 = 10 i = 15.6 → 16 µm
k6: ei = 0.6 ∛D = 2.03 → +2 µm
    es = 2 + 16 = +18 µm
```

ಅಂದರೆ ಶಾಫ್ಟು 40.002ರಿಂದ 40.018. ಇಲ್ಲಿಯವರೆಗೆ ಎಲ್ಲರದೂ ಸರಿ ಇರುತ್ತದೆ. ಎಡವುವುದು ಮುಂದಿನ ಸಾಲಿನಲ್ಲಿ. ಕೈ ತಾನಾಗಿಯೇ ಹೋಲ್ ಎಂದು ಬರೆದು 40.000ರಿಂದ 40.025 ಹಾಕಿಬಿಡುತ್ತದೆ. ಆದರೆ ಬೋರಿನ ಅಳತೆಯನ್ನು ನಾವು ಆರಿಸುವುದಿಲ್ಲ, ಬೇರಿಂಗ್ ಮಾಡುವವರು ಮೊದಲೇ ಆರಿಸಿ ಮುಗಿಸಿರುತ್ತಾರೆ. ನಾರ್ಮಲ್ ಕ್ಲಾಸಿನ ಬೇರಿಂಗಿಗೆ 30 ದಾಟಿ 50ರವರೆಗಿನ ಬೋರಿನ ಟಾಲರೆನ್ಸ್ ಸೊನ್ನೆಯಿಂದ ಮೈನಸ್ 12 ಮೈಕ್ರಾನ್. H ಹೋಲಿನ ಟಾಲರೆನ್ಸ್ ಬೇಸಿಕ್ ಸೈಜಿನ ಮೇಲೆ ನಿಂತಿದ್ದರೆ ಇದು ಕೆಳಗೆ ಇಳಿಬಿದ್ದಿರುತ್ತದೆ. ಬೋರು 39.988ರಿಂದ 40.000.

ಹ್ಯಾಂಡ್‌ಔಟಿನಲ್ಲಿ ಎರಡೂ ಲೆಕ್ಕಗಳನ್ನು ಪಕ್ಕಪಕ್ಕದಲ್ಲೇ ಇಟ್ಟಿದ್ದೇನೆ. ಪರೀಕ್ಷೆಯ ಚಿಂತೆ ಇದ್ದವರಿಗೆ ಉತ್ತರವೂ ಅದೇ ಆಯಿತು. 40.000 ಅನ್ನು ಸೊನ್ನೆ ಮಾಡಿ ಒಂದು ನಿಂತ ಗೆರೆ ಎಳೆಯಬೇಕು, ಉಳಿದದ್ದೆಲ್ಲ ಬರೀ ಮೈಕ್ರಾನಿನಲ್ಲಿ. ದಶಾಂಶ ಬಿಂದು ಕಣ್ಣಿಗೇ ಬೀಳಬಾರದು, ಅದು ಹೋದರೆ ಅರ್ಧ ತಪ್ಪು ಹೋದ ಹಾಗೆ.

```
            H7/k6        ಬೇರಿಂಗ್/k6
ಬೋರು       0 … +25      −12 … 0
ಶಾಫ್ಟು      +2 … +18     +2 … +18
ಅಲವೆನ್ಸ್   0−18 = −18   −12−18 = −30
ಇನ್ನೊಂದು ತುದಿ  25−2 = +23   0−2 = −2
```

ಅಲವೆನ್ಸ್ ಅಂದರೆ ಅತಿ ಸಣ್ಣ ಬೋರಿನಿಂದ ಅತಿ ದೊಡ್ಡ ಶಾಫ್ಟು ಕಳೆಯುವುದು, ಕ್ರಮ ತಿರುಗಿಸುವಂತಿಲ್ಲ. ಎಡಗಡೆಯ ಲೆಕ್ಕದಲ್ಲಿ ಒಂದು ತುದಿ ಮೈನಸ್, ಇನ್ನೊಂದು ಪ್ಲಸ್, ಹಾಗಾಗಿ ಟ್ರಾನ್ಸಿಷನ್ ಫಿಟ್. ಬಲಗಡೆ ಎರಡೂ ಮೈನಸ್. ಅದೇ k6, ಅದೇ ಶಾಫ್ಟು, ಆದರೆ ಯಾವ ಬೇರಿಂಗ್ ತಂದರೂ ಕನಿಷ್ಠ 2, ಗರಿಷ್ಠ 30 ಮೈಕ್ರಾನ್ ಇಂಟರ್‌ಫಿಯರೆನ್ಸ್ ಇದ್ದೇ ಇರುತ್ತದೆ. k6 ಟ್ರಾನ್ಸಿಷನ್ ಅಂತ ಬಾಯಿಪಾಠ ಮಾಡಿದವರು ಇಲ್ಲೇ ಸಿಕ್ಕಿಬೀಳುವುದು. ಈ ಎರಡು ಕಾಲಮ್ಮಿನ ಕಾಗದ ಕೊಟ್ಟ ಮೇಲೆ, ನೆನಪಿನ ಲೆಕ್ಕ, ತರಗತಿಯ ಮುಕ್ಕಾಲು ಭಾಗ ತಾವಾಗಿಯೇ ಮೈನಸ್ 30ಕ್ಕೆ ಬಂದರು. ಮೊದಲು ಕೈಬೆರಳಲ್ಲಿ ಎಣಿಸುವಷ್ಟು ಮಂದಿ ಬರುತ್ತಿದ್ದರು. ಆಮೇಲಿನ ಅಭ್ಯಾಸಕ್ಕೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಖ್ಯೆ ಕೊಡುತ್ತೇನೆ, ಯಾರದನ್ನು ಯಾರು ನಕಲು ಮಾಡಿದರೆಂದು ಉತ್ತರ ನೋಡಿದರೆ ಗೊತ್ತಾಗುತ್ತದೆ. ಆ ಸಂಖ್ಯೆ ಆರಿಸುವ ಬಗೆ ನನ್ನಲ್ಲೇ ಇರಲಿ.

ಕಾಗದದ ಮೇಲಿನ ಈ 30 ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಹ್ಯಾಂಡ್‌ಔಟಿನಲ್ಲಿ ಸೇರಿಸಿದೆ. ಇನ್ನರ್ ರಿಂಗ್ ಹಿಗ್ಗಿ ಬಾಲಿನ ಜಾಗವನ್ನು ತಿನ್ನುತ್ತದೆ. ಗಟ್ಟಿ ಶಾಫ್ಟಿನ ಮೇಲೆ ಇಂಟರ್‌ಫಿಯರೆನ್ಸಿನ ಸುಮಾರು ಮುಕ್ಕಾಲು ಪಾಲು ಒಳಗಿನ ಕ್ಲಿಯರೆನ್ಸಿನಿಂದ ಹೋಯಿತೆಂದು ಹಿಡಿಯಿರಿ. 30 ಇದ್ದರೆ 22ರ ಹತ್ತಿರ. 6208ರ ಸಾಧಾರಣ ಕ್ಲಿಯರೆನ್ಸ್ 6ರಿಂದ 20 ಮೈಕ್ರಾನ್, ಅಂದರೆ ಕೊನೆಯ ಅಂಚಿನಲ್ಲಿ ಏನೂ ಉಳಿಯಲಿಲ್ಲ. ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಬಿಗಿ, ಅರ್ಧ ಗಂಟೆ ಓಡಿಸಿದರೆ ಕೈ ಇಡಲಾಗದಷ್ಟು ಬಿಸಿ. ಹೆಚ್ಚು ಕ್ಲಿಯರೆನ್ಸಿನ C3 ಬೇರಿಂಗ್ ಹಾಕಿದರೆ ಅದೇ ಕ್ಲಿಯರೆನ್ಸ್ 15ರಿಂದ 33. ಇಲ್ಲವೇ ಸೀಟನ್ನು k5ಗೆ ತನ್ನಿ: 40.002ರಿಂದ 40.013, ಅಲವೆನ್ಸ್ ಮೈನಸ್ 25. ನನ್ನ ಒಲವು k5 ಕಡೆಗೆ, ಗ್ರೈಂಡರ್ ಚೆನ್ನಾಗಿದ್ದರೆ ಮಾತ್ರ.

ಇನ್ನೊಂದು ಕಡೆಯ 2 ಮೈಕ್ರಾನಿನದು ಬೇರೆಯೇ ಕಥೆ. ಲೇತಿನಲ್ಲೇ ಟರ್ನ್ ಮಾಡಿ ಬಿಟ್ಟ ಸೀಟಿನಲ್ಲಿ ಮೈಕ್ರೋಮೀಟರು ಅಳೆಯುವುದು ಟೂಲ್ ಗೆರೆಗಳ ತಲೆಯನ್ನು. ಬೇರಿಂಗ್ ಪ್ರೆಸ್ ಮಾಡಿದಾಗ ಆ ತಲೆಗಳು ಸವರಿಹೋಗುತ್ತವೆ, ಜೊತೆಗೆ 2 ಮೈಕ್ರಾನೂ ಹೋಗುತ್ತದೆ. ಆಮೇಲೆ ಇನ್ನರ್ ರಿಂಗ್ ಶಾಫ್ಟಿನ ಮೇಲೆ ಮೆಲ್ಲಗೆ ಜಾರಿ ತಿರುಗತೊಡಗುತ್ತದೆ. ಬಿಚ್ಚಿ ನೋಡಿದರೆ ಸೀಟು ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ಅಂಚಿನಲ್ಲಿ ಕೆಂಪು ಕಂದು ಪುಡಿ. ಹುಬ್ಬಳ್ಳಿಯ ಗೋಕುಲ ರೋಡಿನ ಆಸುಪಾಸಿನ ರಿಪೇರಿ ಅಂಗಡಿಗಳಿಗೆ ಇಂಥ ಶಾಫ್ಟು ಬರುತ್ತಲೇ ಇರುತ್ತವೆ. ಅದಕ್ಕೆ ಸೆಂಟರ್ ಪಂಚಿನಿಂದ ಸುತ್ತಲೂ ಚುಕ್ಕೆ ಹೊಡೆದು ಬೇರಿಂಗ್ ಬಡಿದು ಕೂಡಿಸುವುದು ಎಲ್ಲ ಕಡೆ ಇರುವ ರೂಢಿ. ಚುಕ್ಕೆಯ ಅಂಚು ಎದ್ದಷ್ಟೇ ಜಾಗ ರಿಂಗನ್ನು ಹಿಡಿಯುತ್ತದೆ, ಕೆಲವು ದಿನಕ್ಕೆ ಅದೂ ಸವೆಯುತ್ತದೆ. ಬೇರಿಂಗಿಗೆ ಐದುನೂರರ ಆಸುಪಾಸು, ಗ್ರೈಂಡಿಂಗಿಗೆ ಸೀಟಿಗೆ ನೂರೈವತ್ತೋ ಇನ್ನೂರೋ. ಆ ಇನ್ನೂರು ಉಳಿಸಲು ಹೋಗಿ ಐದುನೂರು ಎರಡು ಸಲ ಕಳೆಯುವ ವ್ಯವಹಾರ ಅದು.

ಅಳತೆಯ ಪ್ರಯೋಗವನ್ನು ಪಠ್ಯದಲ್ಲಿ ಇಲ್ಲದಿದ್ದರೂ ಸೇರಿಸಿದೆ. 0.01 ಲೀಸ್ಟ್ ಕೌಂಟಿನ ಮೈಕ್ರೋಮೀಟರಿನಿಂದ 16 ಮೈಕ್ರಾನಿನ ಟಾಲರೆನ್ಸ್ ಪಾಸು ಮಾಡುವುದು ಬರೀ ಊಹೆ, 0.001ದೇ ಬೇಕು. ಗ್ರೈಂಡರಿನಿಂದ ಈಗಷ್ಟೇ ಇಳಿಸಿದ ಶಾಫ್ಟು ಮೈಕ್ರೋಮೀಟರಿಗಿಂತ 10 ಡಿಗ್ರಿ ಬಿಸಿ ಇದ್ದರೆ 40 ಮಿಮೀಗೆ ಸುಮಾರು 5 ಮೈಕ್ರಾನ್ ದಪ್ಪ ತೋರಿಸುತ್ತದೆ. ಬಿಸಿಯಲ್ಲಿ 40.004 ಎಂದು ಪಾಸಾದ ಸೀಟು ತಣಿದ ಮೇಲೆ 39.999, ಅಂದರೆ ರಿಜೆಕ್ಟ್. ಶಾಫ್ಟು, ಮೈಕ್ರೋಮೀಟರು ಎರಡನ್ನೂ ಸರ್ಫೇಸ್ ಪ್ಲೇಟಿನ ಮೇಲೆ ಒಂದು ತಾಸು ಜೊತೆಗೆ ಬಿಟ್ಟರೆ ನಮ್ಮ ಏಪ್ರಿಲ್ ಬಿಸಿಲೂ ಲೆಕ್ಕ ಕೆಡಿಸುವುದಿಲ್ಲ, ಎರಡೂ ಉಕ್ಕು, ಒಟ್ಟಿಗೇ ಹಿಗ್ಗಿರುತ್ತವೆ. ಕೊನೆಯ ಐದು ಮೈಕ್ರಾನನ್ನು ಗ್ರೈಂಡರಿನಲ್ಲಿ ಹೇಗೆ ತೆಗೆಯುತ್ತೇನೆ ಎಂಬುದನ್ನು ಬರೆದು ತಿಳಿಸಲಾಗದು, ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ಕೂಡಿಸುವ ಲೆಕ್ಕವೂ ಇದೇ ಅಲವೆನ್ಸಿನಿಂದ ಬರುತ್ತದೆ. 30 ಡಿಗ್ರಿಯ ಬೇರಿಂಗನ್ನು 110ಕ್ಕೆ ಕಾಯಿಸಿದರೆ ಬೋರು 40 × 0.000012 × 80, ಅಂದರೆ 38 ಮೈಕ್ರಾನ್ ಹಿಗ್ಗುತ್ತದೆ. 30 ಕಳೆದರೆ 8 ಉಳಿಯಿತು, ಬೇರಿಂಗ್ ಕೈಯಿಂದಲೇ ಜಾರಿ ಕೂರುತ್ತದೆ. ಮೈನಸ್ 18 ಎಂದು ನಂಬಿ 70 ಡಿಗ್ರಿಗೆ ನಿಲ್ಲಿಸಿದವರ ಬೇರಿಂಗ್ ಸೀಟಿನ ಅರ್ಧದಲ್ಲೇ ಕಚ್ಚಿಕೊಳ್ಳಬಹುದು. ಆಗ ಸುತ್ತಿಗೆ ಕೈಗೆ ಬರುತ್ತದೆ, ರೇಸಿನ ಮೇಲೆ ಬಾಲಿನ ಗುರುತು ಬೀಳುತ್ತದೆ. ಗ್ಯಾಸ್ ಬತ್ತಿಯಂತೂ ಬೇಡ, ಎಣ್ಣೆ ಸ್ನಾನ ಅಥವಾ ಇಂಡಕ್ಷನ್ ಹೀಟರ್ ಸಾಕು. ಸೀಲ್ ಇರುವ ಬೇರಿಂಗನ್ನು ಎಣ್ಣೆಗೂ ಹಾಕಬೇಡಿ, ಗ್ರೀಸು ಹಾಳಾಗುತ್ತದೆ.

ಹ್ಯಾಂಡ್‌ಔಟಿನ ಕೊನೆಯಲ್ಲಿ ಬಿಡಿಸಲು ಕೊಟ್ಟಿರುವುದು 6205. ಬೋರು 25, ಟಾಲರೆನ್ಸ್ ಸೊನ್ನೆಯಿಂದ ಮೈನಸ್ 10, ಸೀಟು k6, ಸ್ಟೆಪ್ಪು 18ರಿಂದ 30. ಶಾಫ್ಟು 25.002ರಿಂದ 25.015, ಅಲವೆನ್ಸ್ ಮೈನಸ್ 25 ಬರಬೇಕು. ಮೈನಸ್ 15 ಬಂದವರು ಬೋರಿನ ಸಾಲನ್ನು ಮತ್ತೊಮ್ಮೆ ನೋಡಿ.