ಅಗಲ ಪರದೆಯ ಎರಡು ಲೆಕ್ಕಗಳು: 3440 × 1440ರಿಂದ ಮೂರು ಮಾನಿಟರ್‌ಗಳವರೆಗೆ ನನ್ನ ಅನುಭವ

ನಾನು ಮೊದಲು ಬಳಸುತ್ತಿದ್ದದ್ದು 2560 × 1440 ರೆಸಲ್ಯೂಶನ್ನಿನ 27 ಇಂಚಿನ ಮಾನಿಟರ್. ಅದರ ಜಾಗಕ್ಕೆ 3440 × 1440ರ ಅಲ್ಟ್ರಾವೈಡ್ ಬಂತು. ಆಮೇಲೆ ಕಾರ್ ರೇಸಿಂಗ್ ಸಿಮ್ಯುಲೇಟರಿಗಾಗಿ ಹಳೆಯದರಂಥವೇ ಮೂರು ಮಾನಿಟರ್‌ಗಳನ್ನು ಸಾಲಾಗಿ ಜೋಡಿಸಿಕೊಂಡೆ. ಪರದೆ ಅಗಲವಾದಂತೆ ಗ್ರಾಫಿಕ್ಸ್ ಕಾರ್ಡಿನ ಹೊರೆ ಒಂದು ಲೆಕ್ಕದಲ್ಲಿ ಏರುತ್ತದೆ, ಕಣ್ಣಿಗೆ ಕಾಣುವ ಹರವು, ಅಂದರೆ ಫೀಲ್ಡ್ ಆಫ್ ವ್ಯೂ, ಬೇರೆಯದೇ ಲೆಕ್ಕದಲ್ಲಿ ಏರುತ್ತದೆ. ಸೆಟ್ಟಿಂಗ್ಸ್ ಹೊಂದಿಸುವಾಗ ಇವೆರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಪಿಕ್ಸೆಲ್ ಲೆಕ್ಕ ಬರಿಯ ಗುಣಾಕಾರ. 2560 × 1440 ಎಂದರೆ ಸುಮಾರು 36.9 ಲಕ್ಷ ಪಿಕ್ಸೆಲ್, 3440 × 1440 ಎಂದರೆ 49.5 ಲಕ್ಷ. ಎತ್ತರ ಅಷ್ಟೇ ಇದ್ದರೂ ಶೇಕಡಾ 34ರಷ್ಟು ಹೆಚ್ಚು. ಮೂರು ಮಾನಿಟರ್‌ಗಳ 7680 × 1440ರಲ್ಲಿ 1.1 ಕೋಟಿ ಪಿಕ್ಸೆಲ್‌ಗಳಿದ್ದು, ಅದು 3840 × 2160ರ ಒಂದು ಪರದೆಗಿಂತಲೂ ಮೂರನೇ ಒಂದು ಭಾಗದಷ್ಟು ಹೆಚ್ಚಾಗುತ್ತದೆ. ಆದ್ದರಿಂದ ಹೊಸ ಜೋಡಣೆಗೆ ಕಾರ್ಡ್ ಸಾಕಾಗುತ್ತದೆಯೇ ಎಂದು ಅಂದಾಜಿಸಲು ನಾನು ಪರದೆಯ ಇಂಚುಗಳನ್ನು ನೋಡುವುದಿಲ್ಲ, ಒಟ್ಟು ಪಿಕ್ಸೆಲ್‌ಗಳನ್ನೇ ನೋಡುತ್ತೇನೆ. (ಆಟ ಒಂದೇ ಪರದೆಯಲ್ಲಿ ನಡೆಯುತ್ತಿದ್ದು, ಪಕ್ಕದ ಮಾನಿಟರಿನಲ್ಲಿ ಸುಮ್ಮನೆ ಒಂದು ಪುಟ ತೆರೆದಿದ್ದರೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದರ ಹೊರೆ ಅತ್ಯಲ್ಪ.)

ಪಿಕ್ಸೆಲ್ ಶೇಕಡಾ 34ರಷ್ಟು ಹೆಚ್ಚಿತೆಂದು ಪ್ರತಿ ಫ್ರೇಮಿಗೆ ತಗಲುವ ಸಮಯವೂ ಅಷ್ಟೇ ಹೆಚ್ಚುತ್ತದೆ ಎನ್ನುವಂತಿಲ್ಲ. ಒಂದು ಫ್ರೇಮಿನ ಕೆಲಸದಲ್ಲಿ ಬೆಳಕು, ಪ್ರತಿಫಲನ, ಮಸುಕುಗೊಳಿಸುವಿಕೆ ಮುಂತಾದವು ಪಿಕ್ಸೆಲ್‌ಗಳ ಸಂಖ್ಯೆಯೊಂದಿಗೆ ಬೆಳೆಯುತ್ತವೆ, ನೆರಳಿನ ನಕ್ಷೆಗಳನ್ನು ಸಿದ್ಧಪಡಿಸುವಂಥ ಕೆಲಸಗಳು ಪರದೆಯ ರೆಸಲ್ಯೂಶನ್ ಏನೇ ಇದ್ದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಉದಾಹರಣೆಗೆ, ಸೆಕೆಂಡಿಗೆ 100 ಫ್ರೇಮ್ ಸಿಗುತ್ತಿರುವ ಆಟದಲ್ಲಿ ಫ್ರೇಮ್ ಒಂದಕ್ಕೆ 10 ಮಿಲಿಸೆಕೆಂಡ್ ತಗಲುತ್ತದೆ. ಅದರಲ್ಲಿ 8 ಮಿಲಿಸೆಕೆಂಡ್ ಪಿಕ್ಸೆಲ್ ಕೆಲಸ, 2 ಮಿಲಿಸೆಕೆಂಡ್ ಉಳಿದದ್ದು ಎಂದುಕೊಂಡರೆ, ಅಲ್ಟ್ರಾವೈಡ್‌ನಲ್ಲಿ ಆ 8 ಸುಮಾರು 10.75 ಆಗುತ್ತದೆ, 2 ಹಾಗೆಯೇ ಉಳಿಯುತ್ತದೆ. ಒಟ್ಟು 12.75 ಮಿಲಿಸೆಕೆಂಡ್, ಅಂದರೆ 78 ಫ್ರೇಮ್. ಪೂರಾ ಅನುಪಾತದಲ್ಲಿ ಇಳಿದಿದ್ದರೆ 74 ಆಗಬೇಕಿತ್ತು.

ಇದಕ್ಕೆ ಎದುರಾದ ಇನ್ನೊಂದು ಪರಿಣಾಮವೂ ಇದೆ. ಅಗಲ ಪರದೆಯ ಅಂಚುಗಳಲ್ಲಿ ಹೆಚ್ಚು ಮರಗಳು, ಹೆಚ್ಚು ಕಟ್ಟಡಗಳು, ಹೆಚ್ಚು ಕಾರುಗಳು ಕಾಣಿಸುತ್ತವೆ, ಅವನ್ನೆಲ್ಲ ಬಿಡಿಸಲು ಕಾರ್ಡಿಗೆ ಆದೇಶ ಕೊಡುವ ಕೆಲಸ ಪ್ರೊಸೆಸರಿನ ಮೇಲೆ ಬೀಳುತ್ತದೆ. ಹೊರೆ ನಿಜವಾಗಿ ಎಲ್ಲಿದೆ ಎಂದು ತಿಳಿಯಲು ನಾನು ಮಾಡುವ ಪರೀಕ್ಷೆ ಸರಳವಾದದ್ದು. ಜನನಿಬಿಡ ದೃಶ್ಯವೊಂದರಲ್ಲಿ ನಿಂತು ರೆಂಡರ್ ಸ್ಕೇಲನ್ನು 100ರಿಂದ 70ಕ್ಕೆ ಇಳಿಸುತ್ತೇನೆ. ಅಗಲ ಮತ್ತು ಎತ್ತರ ಎರಡಕ್ಕೂ ಅನ್ವಯಿಸುವ ಸ್ಕೇಲ್ ಆದರೆ ಪಿಕ್ಸೆಲ್‌ಗಳು ಅರ್ಧಕ್ಕಿಳಿಯುತ್ತವೆ. ಫ್ರೇಮ್ ರೇಟ್ ಚೆನ್ನಾಗಿ ಏರಿದರೆ ಹೊರೆ ಗ್ರಾಫಿಕ್ಸ್ ಕಾರ್ಡಿನದು. ಕದಲದೆ ಕೂತರೆ ಮಿತಿ ಪ್ರೊಸೆಸರಿನದು, ಆಗ ರೆಸಲ್ಯೂಶನ್ ಇಳಿಸಿ ಏನೂ ಪ್ರಯೋಜನವಿಲ್ಲ. ವಸ್ತುಗಳ ಸಾಂದ್ರತೆ, ನೋಟದ ದೂರ ಮುಂತಾದ ಸೆಟ್ಟಿಂಗ್‌ಗಳನ್ನು ತಗ್ಗಿಸಬೇಕು.

ಇನ್ನು ಫೀಲ್ಡ್ ಆಫ್ ವ್ಯೂ. ಆಟದ ಕ್ಯಾಮೆರಾ ಲಂಬ ಕೋನವನ್ನು ಹಿಡಿದಿಟ್ಟುಕೊಂಡಿದ್ದರೆ ಅಗಲ ಪರದೆಯಲ್ಲಿ ಎಡಬಲಗಳಲ್ಲಿ ಹೊಸ ದೃಶ್ಯ ಸೇರುತ್ತದೆ. ಇದನ್ನು ಆಟಗಾರರು ಹಾರ್ ಪ್ಲಸ್ ಎನ್ನುತ್ತಾರೆ. ಅಡ್ಡ ಕೋನವನ್ನು ಹಿಡಿದಿಟ್ಟುಕೊಂಡಿದ್ದರೆ ಎಡಬಲಗಳಲ್ಲಿ ಏನೂ ಸೇರುವುದಿಲ್ಲ, ಮೇಲೆ ಕೆಳಗೆ ಕತ್ತರಿಸಿ ಹೋಗುತ್ತದೆ. ಇದು ವರ್ಟ್ ಮೈನಸ್. 16:9 ಪರದೆಯಲ್ಲಿ ಅಡ್ಡ 90 ಡಿಗ್ರಿ ಇದ್ದಾಗ ಲಂಬ ಕೋನ ಸುಮಾರು 58.7 ಡಿಗ್ರಿ ಇರುತ್ತದೆ. ವರ್ಟ್ ಮೈನಸ್ ಆಟವನ್ನು 3440 × 1440ರಲ್ಲಿ ತೆರೆದರೆ ಅದು 45.4ಕ್ಕೆ ಕುಸಿಯುತ್ತದೆ. ದುಡ್ಡು ಕೊಟ್ಟು ತಂದ ಅಗಲ ಪರದೆಯಲ್ಲಿ ಮೊದಲಿಗಿಂತ ಕಡಿಮೆ ಕಾಣುತ್ತದೆ! ಪತ್ತೆಹಚ್ಚಲು ಆಟದೊಳಗೆ ಒಂದು ಗೋಡೆಯ ಎದುರು ನಿಂತು, ಎರಡೂ ರೆಸಲ್ಯೂಶನ್‌ಗಳಲ್ಲಿ ಸ್ಕ್ರೀನ್‌ಶಾಟ್ ತೆಗೆದು, ಮೇಲಂಚಿನಲ್ಲಿ ಕಾಣುವ ಕಿಟಕಿಯೋ ದೀಪವೋ ಉಳಿದಿದೆಯೇ ಎಂದು ಹೋಲಿಸಿದರೆ ಸಾಕು.

ಯೂನಿಟಿ ಎಂಜಿನ್ನಿನ ಕ್ಯಾಮೆರಾ ಸಾಮಾನ್ಯವಾಗಿ ಲಂಬ ಕೋನವನ್ನೇ ಆಧಾರವಾಗಿಟ್ಟುಕೊಳ್ಳುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಅನ್‌ರಿಯಲ್ ಎಂಜಿನ್ 4ರ ಅನೇಕ ಆಟಗಳಲ್ಲಿ ಅಡ್ಡ ಕೋನವೇ ಆಧಾರ. ಅಂಥ ಆಟಗಳ `Engine.ini` ಕಡತದ ಕೊನೆಯಲ್ಲಿ ನಾನು ಈ ಸಾಲುಗಳನ್ನು ಸೇರಿಸುತ್ತೇನೆ:

```
[/Script/Engine.LocalPlayer]
AspectRatioAxisConstraint=AspectRatio_MaintainYFOV
```

ಕ್ಯಾಮೆರಾವನ್ನೇ 16:9ಕ್ಕೆ ಬಿಗಿದಿರುವ ಆಟಗಳಲ್ಲಿ ಇದು ಫಲಿಸುವುದಿಲ್ಲ. ಎಡಬಲದ ಕಪ್ಪು ಪಟ್ಟಿಗಳು ಹಾಗೆಯೇ ಇರುತ್ತವೆ. ಇನ್ನೊಂದು ಎಚ್ಚರಿಕೆಯ ಮಾತು: ಸೆಟ್ಟಿಂಗ್ಸ್‌ನಲ್ಲಿ ಕಾಣುವ 90 ಎಂಬ ಅಂಕಿ ಒಂದು ಆಟದಲ್ಲಿ ಅಡ್ಡ ಕೋನವಾಗಿರಬಹುದು, ಇನ್ನೊಂದರಲ್ಲಿ ಲಂಬ ಕೋನವಾಗಿರಬಹುದು. ಲಂಬ 90 ಎಂದರೆ 16:9ರಲ್ಲೇ ಅಡ್ಡ 121 ಡಿಗ್ರಿ ಆಗಿಬಿಡುತ್ತದೆ.

ಹಾರ್ ಪ್ಲಸ್ ಆಟದಲ್ಲೂ ಕೋನ ಪಿಕ್ಸೆಲ್‌ನಂತೆ ಬೆಳೆಯುವುದಿಲ್ಲ. ಪರದೆಯ ಅಗಲಕ್ಕೆ ಅನುಗುಣವಾಗಿ ಬೆಳೆಯುವುದು ಅರ್ಧ ಕೋನದ ಟ್ಯಾಂಜೆಂಟ್, ಕೋನವಲ್ಲ. ಒಂದು 16:9 ಪರದೆಯಲ್ಲಿ 90 ಡಿಗ್ರಿ ಇದ್ದರೆ ಅರ್ಧ ಕೋನ 45, ಅದರ ಟ್ಯಾಂಜೆಂಟ್ 1. ಎರಡು ಪಟ್ಟು ಅಗಲದ 32:9ರಲ್ಲಿ ಟ್ಯಾಂಜೆಂಟ್ 2 ಆಗಿ ಕೋನ ಸುಮಾರು 127 ಡಿಗ್ರಿಗೆ ಬರುತ್ತದೆ. ಮೂರು ಪಟ್ಟಿನಲ್ಲಿ ಟ್ಯಾಂಜೆಂಟ್ 3, ಕೋನ 143. ಮೂರನೆಯ ಪರದೆಯ 37 ಲಕ್ಷ ಪಿಕ್ಸೆಲ್‌ಗಳು ತಂದುಕೊಟ್ಟದ್ದು ಬರೀ 16 ಡಿಗ್ರಿ.

ಉಳಿದ ಪಿಕ್ಸೆಲ್‌ಗಳು ಹೋದದ್ದು ಅಂಚಿನ ಹಿಗ್ಗುವಿಕೆಗೆ. ಚಪ್ಪಟೆ ಚಿತ್ರಣದಲ್ಲಿ ಅಂಚಿನ ಬಳಿ ಒಂದು ಡಿಗ್ರಿ ನೋಟವು ಅಡ್ಡಲಾಗಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದು ಟ್ಯಾಂಜೆಂಟಿನ ವರ್ಗಕ್ಕೆ 1 ಕೂಡಿಸಿದಷ್ಟು. ನಡುವಿಗೆ ಹೋಲಿಸಿದರೆ ಒಂದು ಪರದೆಯ ಅಂಚಿನಲ್ಲಿ 2 ಪಟ್ಟು, 32:9ರಲ್ಲಿ 5 ಪಟ್ಟು, ಮೂರು ಪರದೆಗಳಲ್ಲಿ 10 ಪಟ್ಟು. ಪಕ್ಕದಲ್ಲಿ ಹಿಂದಿಕ್ಕುವ ಕಾರು ಕೊನೆಯ ಅಂಚಿಗೆ ಬಂದಾಗ ರಬ್ಬರಿನಂತೆ ಎಳೆದುಕೊಂಡು ಕಾಣುವುದು ಇದರಿಂದಲೇ.

ಇದಕ್ಕೆ ಪರಿಹಾರ ಮೂರು ಪರದೆಗಳಿಗೆ ಮೂರು ಬೇರೆ ಕ್ಯಾಮೆರಾಗಳು. ಐರೇಸಿಂಗ್, ಅಸೆಟ್ಟೊ ಕೊರ್ಸಾ ಮೊದಲಾದ ಸಿಮ್ಯುಲೇಟರ್‌ಗಳಲ್ಲಿ ಈ ಸೌಲಭ್ಯವಿದೆ. ಪರದೆಯ ಅಗಲ, ಕಣ್ಣಿನಿಂದ ದೂರ, ಪಕ್ಕದ ಮಾನಿಟರ್‌ಗಳು ತಿರುಗಿರುವ ಕೋನ ಇವನ್ನು ಅಳೆದು ತುಂಬಬೇಕು. ನನ್ನ 27 ಇಂಚಿನ ಮಾನಿಟರಿನ ಅಗಲ ಸುಮಾರು 59.8 ಸೆಂಟಿಮೀಟರ್, ಕಣ್ಣಿನಿಂದ ದೂರ 65. ಅರ್ಧ ಅಗಲವನ್ನು ದೂರದಿಂದ ಭಾಗಿಸಿದರೆ 0.46, ಅಂದರೆ ಪ್ರತಿ ಪರದೆಗೆ 49.4 ಡಿಗ್ರಿ. ಪಕ್ಕದ ಮಾನಿಟರ್‌ಗಳನ್ನೂ ಅಷ್ಟೇ ಕೋನದಲ್ಲಿ ನನ್ನ ಕಡೆಗೆ ತಿರುಗಿಸಿದೆ. ಒಟ್ಟು ಹರವು 148 ಡಿಗ್ರಿ ಆಯಿತು, ಪ್ರತಿ ಪರದೆಯ ಅಂಚಿನ ಹಿಗ್ಗು 1.2 ಪಟ್ಟಿಗೆ ನಿಂತಿತು. ಪಕ್ಕದ ಕಾರಿನ ಚಕ್ರ ಚಕ್ರದಂತೆಯೇ ಕಾಣತೊಡಗಿತು.

ಪಿಕ್ಸೆಲ್‌ಗಳ ಒಟ್ಟು ಸಂಖ್ಯೆ ಇಲ್ಲಿ ಬದಲಾಗುವುದಿಲ್ಲ, ಆದರೆ ದೃಶ್ಯವನ್ನು ಮೂರು ಸಲ ಬಿಡಿಸಬೇಕಾಗುವುದರಿಂದ ಪ್ರೊಸೆಸರಿನ ಕೆಲಸ ಏರುತ್ತದೆ. ನಾನು ಮೊದಲು ಇಳಿಸಿದ್ದು ಹಿನ್ನೋಟದ ಕನ್ನಡಿಗಳ ಸಂಖ್ಯೆಯನ್ನು, ಏಕೆಂದರೆ ಪ್ರತಿಯೊಂದು ಕನ್ನಡಿಯೂ ಮತ್ತೊಂದು ಕ್ಯಾಮೆರಾ. ಮೂರನ್ನೂ ಡ್ರೈವರ್ ಮೂಲಕ ಒಂದೇ ಪರದೆಯಾಗಿ ಜೋಡಿಸಿ, ಚೌಕಟ್ಟುಗಳ ಹಿಂದೆ ದೃಶ್ಯ ಮುಂದುವರಿದಂತೆ ಕಾಣುವ ತಿದ್ದುಪಡಿಯನ್ನು ಹಾಕಿಕೊಂಡರೆ ರೆಸಲ್ಯೂಶನ್ 7680ಕ್ಕಿಂತಲೂ ಅಗಲವಾಗುತ್ತದೆ, ಮತ್ತು ಚೌಕಟ್ಟಿನ ಹಿಂದೆ ಅಡಗಿ ಎಂದೂ ಕಾಣದ ಆ ಪಿಕ್ಸೆಲ್‌ಗಳನ್ನೂ ಕಾರ್ಡ್ ಬಿಡಿಸಲೇಬೇಕಾಗುತ್ತದೆ.