ಯಾರೋ, ಯಾರಾದರೂ, ಯಾರೂ: ಇಂಗ್ಲಿಷಿನ ಸಮ್, ಎನಿ, ನೋ ಹಿಡಿಯುವುದು ಹೇಗೆ?

ವಿಜಯಪುರದ ಗೋಳಗುಮ್ಮಟಕ್ಕೆ ಬರುವ ಹೊರಗಿನವರಿಗೆ ರಜೆ ದಿನ ಗೈಡ್ ಆಗಿ ಹೋಗುವ ಒಬ್ಬ ಹುಡುಗ ಸಂಜೆ ನನ್ನ ಹತ್ತಿರ ಇಂಗ್ಲಿಷ್ ಕಲಿಯಲು ಬರುತ್ತಾನೆ. ಇತಿಹಾಸ ಅವನಿಗೆ ಬಾಯಿಪಾಠ. ಮಾತಿಗೂ ಅಂಜುವುದಿಲ್ಲ. ಆದರೆ ಎರಡು ವಾಕ್ಯಗಳಲ್ಲಿ ಪ್ರತಿ ಸಲ ಎಡವುತ್ತಿದ್ದ. ಗುಮ್ಮಟದ ಕೆಳಗೆ ನಿಂತು ‘ಎನಿ ಪಿಲ್ಲರ್ಸ್ ಆರ್ ನಾಟ್ ದೇರ್’ ಅನ್ನುತ್ತಿದ್ದ. ಪಿಸುಮಾತಿನ ಗ್ಯಾಲರಿಗೆ ಹತ್ತಿ ಹೋದ ಮೇಲೆ ‘ನೋಬಡಿ ಶುಡ್ ನಾಟ್ ಶೌಟ್’ ಅನ್ನುತ್ತಿದ್ದ. ಎರಡೂ ತಪ್ಪೇ. ಆದರೆ ಎರಡೂ ಕನ್ನಡದಿಂದ ನೇರ ಇಳಿದು ಬಂದ ತಪ್ಪು. ಹಾಗಾಗಿ ಸರಿ ಮಾಡುವ ದಾರಿಯೂ ಕನ್ನಡದಲ್ಲೇ ಸಿಗುತ್ತದೆ.

ಮೊದಲು ಮಾಡಬೇಕಾದ್ದು ಇಷ್ಟೆ. ಹೇಳಬೇಕಾದ ಮಾತನ್ನು ಕನ್ನಡದಲ್ಲಿ ಅಂದುಕೊಂಡು, ‘ಯಾರು, ಏನು, ಎಲ್ಲಿ’ ಪದಗಳ ಬಾಲ ನೋಡಿ. ಬಾಲಗಳು ಮೂರು: ಓ, ಆದರೂ, ಊ.

‘ಯಾರೋ ಬಂದಿದ್ದಾರೆ’ ಅಂದರೆ ‘ಸಮ್‌ಬಡಿ ಹ್ಯಾಸ್ ಕಮ್’. ಬಂದದ್ದು ಖಾತ್ರಿ, ಯಾರಂತ ಗೊತ್ತಿಲ್ಲ. ಓ ಬಾಲಕ್ಕೆ ಸಮ್ ಸರಿಹೋಗುತ್ತದೆ.

‘ಯಾರಾದರೂ ಬಂದಿದ್ದಾರಾ?’ ಅಂದರೆ ‘ಹ್ಯಾಸ್ ಎನಿಬಡಿ ಕಮ್?’ ನಮ್ಮ ಕಡೆ ಇದೇ ‘ಯಾರರೆ ಬಂದಾರೇನ್ರಿ?’ ಆಗುತ್ತದೆ. ಬಂದಿದ್ದಾರೋ ಇಲ್ಲವೋ ಕೇಳುವವರಿಗೇ ಗೊತ್ತಿಲ್ಲ. ಇಲ್ಲಿ ಎನಿ.

ಮೂರನೆಯದು ‘ಯಾರೂ ಬಂದಿಲ್ಲ’. ಎಡವುವುದು ಇಲ್ಲೇ, ಅದಕ್ಕೇ ಸ್ವಲ್ಪ ನಿಲ್ಲೋಣ. ‘ಯಾರೂ ಅಂದರೆ ನೋಬಡಿ’ ಅಂತ ನಮಗೆಲ್ಲ ಕಲಿಸಿರುತ್ತಾರೆ. ಅರ್ಧ ಮಾತ್ರ ನಿಜ. ‘ಯಾರೂ’ ಪದದೊಳಗೆ ಇಲ್ಲ ಅನ್ನುವ ಅರ್ಥ ಇಲ್ಲ. ಆ ಕೆಲಸವನ್ನು ಕೊನೆಯಲ್ಲಿ ಬರುವ ‘ಇಲ್ಲ’ ಮಾಡುತ್ತದೆ. ‘ನೋಬಡಿ’ ಹಾಗಲ್ಲ. ಅದು ‘ಯಾರೂ’ ಮತ್ತು ‘ಇಲ್ಲ’ ಎರಡನ್ನೂ ಒಂದೇ ಹೊಟ್ಟೆಯಲ್ಲಿ ಇಟ್ಟುಕೊಂಡ ಪದ. ‘ಯಾರಿದ್ದಾರೆ?’ ಅಂತ ಕೇಳಿದರೆ ಇಂಗ್ಲಿಷಿನಲ್ಲಿ ‘ನೋಬಡಿ’ ಅಂದರೆ ಸಾಕು, ಉತ್ತರ ಮುಗಿಯಿತು. ಕನ್ನಡದಲ್ಲಿ ಬರೀ ‘ಯಾರೂ’ ಅಂದರೆ ಕೇಳಿದವರು ಮುಂದಿನ ಮಾತಿಗೆ ಕಾಯುತ್ತಾರೆ, ಅಲ್ವಾ? ‘ನೋಬಡಿ’ ಹೇಳಿದ ಮೇಲೆ ಮತ್ತೆ ‘ನಾಟ್’ ಹಾಕಿದರೆ ಎರಡನೇ ‘ಇಲ್ಲ’ ಹಾಕಿದ ಹಾಗೆ.

ಅದಕ್ಕೇ ಎರಡನೇ ಹೆಜ್ಜೆ: ಒಂದು ಮಾತಿಗೆ ಒಂದೇ ಇಲ್ಲ. ಅದನ್ನು ಎಲ್ಲಿ ಇಡಬೇಕು ಅನ್ನುವುದು ಎಡದಿಂದ ಬಲಕ್ಕೆ ಓದಿದರೆ ತಿಳಿಯುತ್ತದೆ. ಕನ್ನಡದ ‘ಇಲ್ಲ’ ಕೊನೆಯಲ್ಲಿ ನಿಂತು ಹಿಂದಿನ ಪದಗಳನ್ನೆಲ್ಲ ಮುಟ್ಟುತ್ತದೆ. ಇಂಗ್ಲಿಷಿನ ‘ನಾಟ್’ ತನ್ನ ಮುಂದೆ, ಅಂದರೆ ಬಲಗಡೆ ಬರುವ ಎನಿಯನ್ನು ಮಾತ್ರ ಹಿಡಿಯುತ್ತದೆ. ‘ಎನಿಬಡಿ ಡಿಡ್ ನಾಟ್ ಕಮ್’ ತಪ್ಪಾಗುವುದು ಇದೇ ಕಾರಣಕ್ಕೆ. ಎನಿ ಮೊದಲೇ ಬಂದುಬಿಟ್ಟಿದೆ, ಅದನ್ನು ಹಿಡಿಯಬೇಕಾದ ನಾಟ್ ಆಮೇಲೆ ಬರುತ್ತದೆ.

ಒಂದು ಉದ್ದ ವಾಕ್ಯ ತಗೊಳ್ಳೋಣ. ‘ಯಾರೂ ನನಗೆ ಏನೂ ಹೇಳಲಿಲ್ಲ.’ ಊ ಬಾಲ ಎರಡು ಕಡೆ, ಇಲ್ಲ ಒಂದೇ ಕಡೆ. ಇಂಗ್ಲಿಷಿನಲ್ಲಿ ಮಾತು ಶುರುವಾಗುವುದೇ ‘ಯಾರೂ’ ಪದದಿಂದ. ಅದರ ಎಡಕ್ಕೆ ನಾಟ್ ಇಡಲು ಜಾಗವಿಲ್ಲ. ಹಾಗಾಗಿ ಇಲ್ಲವನ್ನು ಅದರೊಳಗೇ ಸೇರಿಸಿ ‘ನೋಬಡಿ’ ಅನ್ನಬೇಕು. ಇಲ್ಲ ಖರ್ಚಾಯಿತು. ಉಳಿದ ‘ಏನೂ’ ಎನಿ ಆಗುತ್ತದೆ: ‘ನೋಬಡಿ ಟೋಲ್ಡ್ ಮಿ ಎನಿಥಿಂಗ್’. ಈಗ ಇದನ್ನೇ ತಿರುಗಿಸಿ: ‘ನಾನು ಯಾರಿಗೂ ಏನೂ ಹೇಳಲಿಲ್ಲ.’ ಇಲ್ಲಿ ಮೊದಲು ಬರುವುದು ‘ನಾನು’. ಇಲ್ಲ ಕ್ರಿಯಾಪದದ ಜೊತೆ ಹೋಗುತ್ತದೆ, ಊ ಎರಡೂ ಎನಿ ಆಗುತ್ತವೆ: ‘ಐ ಡಿಡಂಟ್ ಟೆಲ್ ಎನಿಬಡಿ ಎನಿಥಿಂಗ್’. ಇವೆರಡನ್ನು ಒಂದು ಹಾಳೆ ಮೇಲೆ ಮೇಲೆ ಕೆಳಗೆ ಬರೆದು ನೋಡಿ. ನನ್ನ ಹುಡುಗನಿಗೆ ದಾರಿ ಕಂಡದ್ದು ಹಾಗೆ ಬರೆದಾಗಲೇ.

ಚಿಲ್ಲರೆ ಇಲ್ಲ ಅನ್ನುವುದಕ್ಕೆ ‘ಐ ಡೋಂಟ್ ಹ್ಯಾವ್ ಎನಿ ಚೇಂಜ್’ ಅನ್ನಬಹುದು, ‘ಐ ಹ್ಯಾವ್ ನೋ ಚೇಂಜ್’ ಅಂತಲೂ ಅನ್ನಬಹುದು. ಎರಡನೆಯದು ಸ್ವಲ್ಪ ಗಟ್ಟಿ, ಒಂದು ಪೈಸೆಯೂ ಇಲ್ಲ ಅಂದ ಹಾಗೆ. ‘ಐ ಡೋಂಟ್ ಹ್ಯಾವ್ ನೋ ಚೇಂಜ್’ ಅಂತ ಇಂಗ್ಲಿಷ್ ನಾಡುಗಳಲ್ಲೇ ಮಾತಾಡುವ ಜನ ಬಹಳ ಇದ್ದಾರೆ. 14ನೇ ಶತಮಾನದ ಕವಿ ಚಾಸರ್ ಕೂಡ ಒಂದೇ ವಾಕ್ಯದಲ್ಲಿ ಒಂದಕ್ಕಿಂತ ಜಾಸ್ತಿ ಇಲ್ಲಗಳನ್ನು ಬರೆದಿದ್ದಾನೆ. ಅದು ದಡ್ಡತನ ಅಲ್ಲವೇ ಅಲ್ಲ. ಆದರೆ ಇವತ್ತು ಪರೀಕ್ಷೆ, ಇಂಟರ್‌ವ್ಯೂ, ಆಫೀಸಿನ ಪತ್ರಗಳಲ್ಲಿ ಅದನ್ನು ತಪ್ಪೆಂದೇ ಎಣಿಸುತ್ತಾರೆ.

ಇಲ್ಲ ಯಾವಾಗಲೂ ‘ಇಲ್ಲ’ ಆಗಿಯೇ ಕಾಣುವುದಿಲ್ಲ. ‘ಏನೂ ತಿನ್ನದೆ ಬಂದೆ’ ಅಂದಾಗ ಅದು ‘ತಿನ್ನದೆ’ ಒಳಗಿದೆ. ಇಂಗ್ಲಿಷಿನಲ್ಲಿ ಆ ಕೆಲಸ ‘ವಿದೌಟ್’ ಮಾಡುತ್ತದೆ: ‘ಐ ಕೇಮ್ ವಿದೌಟ್ ಈಟಿಂಗ್ ಎನಿಥಿಂಗ್’. ‘ಏನೂ ಮುಟ್ಟಬೇಡಿ’ ಅಂದರೆ ‘ಡೋಂಟ್ ಟಚ್ ಎನಿಥಿಂಗ್’.

ಕೊನೆಗೆ ಪ್ರಶ್ನೆಗಳು. ಪ್ರಶ್ನೆ ಬಂದರೆ ಎನಿ ಅಂತ ಪುಸ್ತಕದಲ್ಲಿರುತ್ತದೆ. ಆದರೆ ಮನೆಗೆ ಬಂದವರಿಗೆ ನಾವು ‘ಚಾ ತಗೋತೀರೇನ್ರಿ?’ ಅನ್ನುವಾಗ ಅದು ನಿಜವಾಗಿ ವಿಚಾರಣೆ ಅಲ್ಲ, ಉಪಚಾರ. ಹೌದು ಅನ್ನಲಿ ಅಂತಲೇ ಕೇಳುತ್ತೇವೆ. ಅಲ್ಲಿ ಸಮ್ ಬೇಕು: ‘ವುಡ್ ಯು ಲೈಕ್ ಸಮ್ ಟೀ?’ ನೀರು ಕೇಳುವಾಗಲೂ ಅಷ್ಟೆ: ‘ಕ್ಯಾನ್ ಐ ಹ್ಯಾವ್ ಸಮ್ ವಾಟರ್?’ ‘ಇಲ್ಲಿ ನೀರು ಏನರೆ ಸಿಗತದೇನ್ರಿ?’ ಅಂತ ಗೊತ್ತಿಲ್ಲದೆ ವಿಚಾರಿಸುವಾಗ ಎನಿ: ‘ಈಸ್ ದೇರ್ ಎನಿ ವಾಟರ್ ಹಿಯರ್?’ ಉಪಚಾರದಲ್ಲಿ ಎನಿ ಹಾಕಿದರೆ ವ್ಯಾಕರಣ ಕೆಡುವುದಿಲ್ಲ, ಸುಮ್ನೆ ಬೇಕೋ ಬೇಡವೋ ವಿಚಾರಿಸಿದ ಹಾಗೆ ಕೇಳಿಸುತ್ತದೆ.

‘ಆದರೂ’ ಬಾಲದಲ್ಲಿ ಇನ್ನೊಂದು ತೊಡಕಿದೆ. ಖಾನಾವಳಿಯಲ್ಲಿ ಸುಮ್ಮನೆ ಕೂತ ಪ್ರವಾಸಿಗರಿಗೆ ಆ ಹುಡುಗ ‘ಏನರೆ ತಿನ್ರಿ’ ಅನ್ನಲು ಹೋಗಿ ‘ಈಟ್ ಎನಿಥಿಂಗ್’ ಅಂದಿದ್ದ. ಅದರ ಅರ್ಥ, ಯಾವುದನ್ನು ಬೇಕಾದರೂ ತಿನ್ನಿ, ತಡೆಯಿಲ್ಲ ಅಂತ. ಹೇಳಬೇಕಿದ್ದದ್ದು ‘ಈಟ್ ಸಮ್‌ಥಿಂಗ್’. ಹೀಗೆ ಅನುಮಾನ ಬಂದಾಗ ಆ ಪದದ ಜಾಗದಲ್ಲಿ ‘ಯಾವುದೇ ಆಗಲಿ, ನಡೆಯುತ್ತದೆ’ ಅಂತ ಇಟ್ಟು ನೋಡಿ. ಅರ್ಥ ಕೂತರೆ ಎನಿ. ‘ಯಾವ ಬಸ್ ಆದರೂ ನಡೀತದ’ ಅನ್ನುವುದು ಹಾಗೆಯೇ ‘ಎನಿ ಬಸ್ ವಿಲ್ ಡೂ’ ಆಗುತ್ತದೆ. ಇಲ್ಲ, ಸ್ವಲ್ಪ ಏನೋ ತಿನ್ನಲಿ ಅನ್ನುವ ಕಾಳಜಿ ಇದ್ದರೆ ಸಮ್.

ಈಗ ಗುಮ್ಮಟಕ್ಕೆ ವಾಪಸ್ ಬರೋಣ. 1656ರಲ್ಲಿ ಮುಗಿದ ಕಟ್ಟಡ ಅದು, ಹೊರಗಿನ ಅಳತೆಗೆ ಸುಮಾರು 44 ಮೀಟರ್ ಅಗಲದ ಗುಮ್ಮಟ. ಒಂದಕ್ಕೊಂದು ಹೆಣೆದ ಕಮಾನುಗಳೇ ಅದನ್ನು ಹೊತ್ತಿವೆ. ಕೆಳಗೆ ಒಂದೂ ಕಂಬ ಇಲ್ಲ. ಎಲ್ಲರೂ ತಲೆ ಎತ್ತಿ ನೋಡುವ ಹೊತ್ತಿಗೆ ಈ ಮಾತು ಗಟ್ಟಿಯಾಗಿ ಬರಬೇಕು, ಆದ್ದರಿಂದ ನೋ: ‘ದೇರ್ ಆರ್ ನೋ ಪಿಲ್ಲರ್ಸ್’. ಮೇಲಿನ ಗ್ಯಾಲರಿಗೆ ‘ಯಾರೂ ಕೂಗಬಾರದು’. ಇಲ್ಲ ‘ಬಾರದು’ ಒಳಗಿದೆ, ಇಂಗ್ಲಿಷಿನಲ್ಲಿ ಮೊದಲು ಬರುವುದು ‘ಯಾರೂ’. ಹಾಗಾಗಿ ‘ನೋಬಡಿ ಶುಡ್ ಶೌಟ್’. ನಾಟ್ ಬೇಡ. ಕಳೆದ ವಾರ ಆ ಹುಡುಗ ಇವೆರಡನ್ನೂ ತಡವರಿಸದೆ ಹೇಳಿದ. ಆಮೇಲೆ ಗೋಡೆ ಪಕ್ಕ ಬಗ್ಗಿ, ಆಚೆ ತುದಿಯಲ್ಲಿ ನಿಂತವರಿಗೆ ಪಿಸುದನಿಯಲ್ಲಿ ‘ಕ್ಯಾನ್ ಯು ಹಿಯರ್ ಎನಿಥಿಂಗ್?’ ಅಂತ ಕೇಳಿದ.